ಭಾಗಿಸುವಾಗ ಕಳೆದುಹೋಗುವ ಪರಿಹಾರಗಳು: ಚರಗಳನ್ನು ಬೇರ್ಪಡಿಸುವ ವಿಧಾನದ ಚರಿತ್ರೆಯಿಂದ ಒಂದು ಅಧ್ಯಾಯ

ಪ್ರಥಮ ಕ್ರಮದ ಅವಕಲ ಸಮೀಕರಣದಲ್ಲಿ y ಗೆ ಸೇರಿದ್ದನ್ನೆಲ್ಲ ಒಂದು ಬದಿಗೆ, x ಗೆ ಸೇರಿದ್ದನ್ನೆಲ್ಲ ಇನ್ನೊಂದು ಬದಿಗೆ ತಂದು ಎರಡೂ ಬದಿಗಳನ್ನು ಅನುಕಲಿಸುವ ವಿಧಾನ ಮುನ್ನೂರು ವರ್ಷಗಳಿಗಿಂತ ಹಳೆಯದು. 1691ರಲ್ಲಿ ಲೈಬ್ನಿಟ್ಜ್ ಇದನ್ನು ಹೈಗೆನ್ಸ್‌ಗೆ ಬರೆದ ಪತ್ರದಲ್ಲಿ ತಿಳಿಸಿದ. 1694ರಲ್ಲಿ ಯೋಹಾನ್ ಬರ್ನೂಲಿ ಅದಕ್ಕೊಂದು ಹೆಸರು ಕೊಟ್ಟು ಬಳಕೆಗೆ ತಂದ. ಇಂದಿಗೂ ಪದವಿ ತರಗತಿಯ ಪುಸ್ತಕಗಳಲ್ಲಿ ಅವಕಲ ಸಮೀಕರಣಗಳ ಪಾಠ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಆದರೆ ಈ ವಿಧಾನದ ಮೊದಲ ಹೆಜ್ಜೆ ಒಂದು ಭಾಗಾಕಾರ. ಆ ಭಾಗಾಕಾರದಲ್ಲಿ ಏನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಯ ಬೀಜ ಬರ್ನೂಲಿಯ ಕೆಲಸದಲ್ಲೇ ಇತ್ತು.

ಬರ್ನೂಲಿಯನ್ನು ತಡೆದದ್ದು ನೋಡಲು ತೀರ ಸರಳವಾದ ಸಮೀಕರಣ: a x dy − y dx = 0. ಚರಗಳನ್ನು ಬೇರ್ಪಡಿಸಿದರೆ a dy/y = dx/x. ಘಾತಗಳನ್ನು ಅನುಕಲಿಸುವ ನಿಯಮವನ್ನೇ ಇಲ್ಲಿಗೂ ಹಚ್ಚಿದರೆ ಛೇದದಲ್ಲಿ ಸೊನ್ನೆ ಬರುತ್ತದೆ, ಉತ್ತರ ಅನಂತವಾಗುತ್ತದೆ. dx/x ನ ಅನುಕಲ ಲಾಗರಿತಮ್ ಎಂಬ ತಿಳಿವಳಿಕೆ ಆಗಿನ್ನೂ ಈ ಲೆಕ್ಕಗಳಲ್ಲಿ ಬೇರೂರಿರಲಿಲ್ಲ. ಹಾಗಾಗಿ ಬರ್ನೂಲಿ ಬೇರ್ಪಡಿಸುವುದನ್ನು ಬಿಟ್ಟು, ಇಡೀ ಸಮೀಕರಣವನ್ನು yᵃ⁻¹/x² ಇಂದ ಗುಣಿಸಿದ. ಆಗ ಎಡಬದಿ yᵃ/x ಎಂಬ ಒಂದೇ ರಾಶಿಯ ಅವಕಲವಾಗಿಬಿಡುತ್ತದೆ; ಉತ್ತರ yᵃ/x = C.

ಚರಿತ್ರೆ ಬರೆದವರು ಇದನ್ನು ಸಾಮಾನ್ಯವಾಗಿ ಲಾಗರಿತಮ್ ಕೈಗೆ ಸಿಗದೆ ಹಿಡಿದ ಬಳಸುದಾರಿ ಎಂದು ಹೇಳಿ ಮುಂದೆ ಸಾಗುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಗುಣವೂ ಕಾಣುತ್ತದೆ. a = 2 ಎಂದಿಟ್ಟುಕೊಳ್ಳಿ. ಬರ್ನೂಲಿಯ ಉತ್ತರ y² = Cx, ಅಂದರೆ ಪರವಲಯಗಳ ಒಂದು ಕುಟುಂಬ. C = 0 ಆದಾಗ y = 0, ಅಂದರೆ x-ಅಕ್ಷವೂ ಆ ಕುಟುಂಬದಲ್ಲೇ ಸಿಗುತ್ತದೆ, ಮತ್ತು ಅದು ಸಮೀಕರಣದ ನಿಜವಾದ ಪರಿಹಾರ. ಈಗ ನಾವು ಮಾಡುವಂತೆ ಬೇರ್ಪಡಿಸಿ ನೋಡೋಣ: 2 ln|y| = ln|x| + c, ಆದ್ದರಿಂದ y² = eᶜ|x|. eᶜ ಎಂದೂ ಸೊನ್ನೆಯಾಗದು. x-ಅಕ್ಷ ಕಾಣೆಯಾಯಿತು. ಬಳಸುದಾರಿಯಲ್ಲಿ ಉಳಿದ ಪರಿಹಾರ ನೇರದಾರಿಯಲ್ಲಿ ಉಳಿಯಲಿಲ್ಲ, ಏಕೆಂದರೆ ನೇರದಾರಿಯಲ್ಲಿ ನಾವು y ಇಂದ ಭಾಗಿಸಿದೆವು. ಭಾಗಿಸಿದ ಕ್ಷಣವೇ y ಸೊನ್ನೆಯಲ್ಲ ಎಂದು ಒಪ್ಪಿಕೊಂಡೆವು.

ಹಾಗಾದರೆ ಎರಡೂ ಬದಿಗಳನ್ನು ಬೇರೆ ಬೇರೆ ಚರಗಳಲ್ಲಿ ಅನುಕಲಿಸುವುದು ಏಕೆ ಸರಿ? ಒಂದು ಬದಿಯನ್ನು y ಮೇಲೂ ಇನ್ನೊಂದನ್ನು x ಮೇಲೂ ಅನುಕಲಿಸಿದ ಮೇಲೆ ಸಮತೆ ಹೇಗೆ ಉಳಿಯುತ್ತದೆ ಎಂಬ ಸಂದೇಹ ನ್ಯಾಯವಾದದ್ದೇ. ವಾಸ್ತವದಲ್ಲಿ ಎರಡೂ ಬದಿಗಳ ಅನುಕಲನ ನಡೆಯುವುದು x ಮೇಲೆಯೇ. dy/dx = g(x)h(y) ಎಂಬ ಸಮೀಕರಣಕ್ಕೆ y(x) ಒಂದು ಪರಿಹಾರವಾಗಿದ್ದು, ಯಾವುದೋ ಅಂತರದಲ್ಲಿ h(y(x)) ಸೊನ್ನೆಯಾಗದಿದ್ದರೆ, y′(x)/h(y(x)) = g(x) ಎಂದು ಬರೆಯಬಹುದು. 1/h ನ ಅನುಕಲವನ್ನು H ಎಂದು ಕರೆದರೆ, ಸರಪಳಿ ನಿಯಮದ ಪ್ರಕಾರ ಎಡಬದಿ H(y(x)) ನ ಅವಕಲನವೇ ಆಗಿದೆ. ಆದ್ದರಿಂದ H(y(x)) = G(x) + c; ಇಲ್ಲಿ G ಎಂಬುದು g ನ ಅನುಕಲ. dy, dx ಗಳನ್ನು ಎತ್ತಿಡುವ ಬರವಣಿಗೆ ಇದರ ಸಂಕ್ಷೇಪ ಮಾತ್ರ. h ಅವಿಚ್ಛಿನ್ನವಾಗಿದ್ದು ಸೊನ್ನೆಯಾಗದಿದ್ದರೆ ಅದರ ಚಿಹ್ನೆ ಬದಲಾಗದು, H ಒಂದೇ ಸಮನೆ ಏರುತ್ತದೆ ಅಥವಾ ಇಳಿಯುತ್ತದೆ. ಹಾಗಾಗಿ ಅದರಿಂದ y ಯನ್ನು ಮರಳಿ ಪಡೆಯಬಹುದು. ಇಡೀ ವಾದ ನಿಂತಿರುವುದು ಆ ಒಂದು ಷರತ್ತಿನ ಮೇಲೆ. h(y₀) = 0 ಆಗುವಲ್ಲಿ y = y₀ ಎಂಬ ಸ್ಥಿರ ಪರಿಹಾರ ಇದ್ದೇ ಇರುತ್ತದೆ; ಅದು ಈ ವಾದದ ವ್ಯಾಪ್ತಿಗೇ ಬರುವುದಿಲ್ಲ.

ಕಳೆದುಹೋದದ್ದು ಕೆಲವೊಮ್ಮೆ ತಾನಾಗಿ ಮರಳಿದಂತೆ ತೋರುತ್ತದೆ. 1838ರಲ್ಲಿ ಬೆಲ್ಜಿಯಂನ ಪಿಯರ್ ಫ್ರಾಂಸ್ವಾ ವರ್ಹುಲ್ಸ್ಟ್ ಜನಸಂಖ್ಯೆಯ ಬೆಳವಣಿಗೆಗೆ ಕೊಟ್ಟ ಸಮೀಕರಣವನ್ನು ಇಂದು dP/dt = rP(1 − P/K) ಎಂದು ಬರೆಯುತ್ತೇವೆ. ಸ್ಥಿರ ಪರಿಹಾರಗಳು ಎರಡು: P = 0 ಮತ್ತು P = K. ಬೇರ್ಪಡಿಸಿ ಅನುಕಲಿಸಿದರೆ P/(K − P) = Aeʳᵗ. ಇಲ್ಲಿ A ಗೆ ಸೊನ್ನೆ ಕೊಟ್ಟರೆ P = 0 ಮರಳುತ್ತದೆ, ಆದರೆ ಯಾವ A ಕೊಟ್ಟರೂ P = K ಬಾರದು. ಅದೇ ಉತ್ತರವನ್ನು P = K/(1 + Be⁻ʳᵗ) ಎಂದು ಬರೆದರೆ B = 0 ಆದಾಗ P = K ಸಿಗುತ್ತದೆ; ಈ ಸಲ P = 0 ಹೊರಗುಳಿಯುತ್ತದೆ. ಯಾವುದು ಕಳೆದುಹೋಯಿತು ಎಂಬುದು ಸ್ಥಿರಾಂಕವನ್ನು ಎಲ್ಲಿಟ್ಟೆವು ಎಂಬುದರ ಮೇಲೆ ನಿಂತಿದೆ. K = 1000 ಆಗಿದ್ದು ಆರಂಭದ ಜನಸಂಖ್ಯೆಯೂ 1000 ಎಂದುಕೊಳ್ಳಿ. ಮೊದಲ ಸೂತ್ರದಲ್ಲಿ ಅದನ್ನು ಹಾಕಿದರೆ 1000/0 ಎದುರಾಗುತ್ತದೆ. ಉತ್ತರವೇ ಇಲ್ಲ ಎಂದು ತೀರ್ಮಾನಿಸುವುದು ತಪ್ಪು. ಜನಸಂಖ್ಯೆ ಸದಾ 1000 ಆಗಿರುತ್ತದೆ ಎಂಬುದೇ ಉತ್ತರ.

ವರ್ಹುಲ್ಸ್ಟ್‌ನ ಸ್ಥಿರ ಪರಿಹಾರಗಳನ್ನು ಮರೆತರೂ ಉಳಿದ ಪರಿಹಾರಗಳಿಗೆ ಏನೂ ಆಗುವುದಿಲ್ಲ. ಎಲ್ಲ ಸಲವೂ ಹೀಗಲ್ಲ. ತೊಟ್ಟಿಯ ತಳದ ರಂಧ್ರದಿಂದ ನೀರು ಹೊರಬೀಳುವ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂಬುದು ಟೊರಿಸೆಲ್ಲಿಯ ನಿಯಮ. ಅವನು ಅದನ್ನು ಪ್ರಕಟಿಸಿದ್ದು 1644ರಲ್ಲಿ. ನೇರ ಗೋಡೆಗಳ ತೊಟ್ಟಿಗೆ ಇದು dy/dt = −k√y ಎಂಬ ಸಮೀಕರಣವಾಗುತ್ತದೆ. y ಸೆಂಟಿಮೀಟರ್‌ನಲ್ಲಿ, t ನಿಮಿಷದಲ್ಲಿ ಇರಲಿ; k = 2, ಆರಂಭದ ಎತ್ತರ 100. ಬೇರ್ಪಡಿಸಿ ಅನುಕಲಿಸಿದರೆ √y = 10 − t. ಎರಡೂ ಬದಿಗಳನ್ನು ವರ್ಗಿಸಿದರೆ y = (10 − t)². ಹತ್ತನೇ ನಿಮಿಷಕ್ಕೆ ತೊಟ್ಟಿ ಬರಿದಾಗುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಹನ್ನೆರಡನೇ ನಿಮಿಷಕ್ಕೆ ಇದೇ ಸೂತ್ರ 4 ಸೆಂಟಿಮೀಟರ್ ನೀರಿದೆ ಎನ್ನುತ್ತದೆ! ತಪ್ಪನ್ನು ಪತ್ತೆಹಚ್ಚುವುದು ಕಷ್ಟವಲ್ಲ: √y ಋಣವಾಗಲಾರದು, ಆದ್ದರಿಂದ √y = 10 − t ಎಂಬುದು t = 10ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ನಿಜವಾದ ಪರಿಹಾರ y = 0, ಅಂದರೆ ಭಾಗಿಸುವಾಗ ನಾವು ಬಿಟ್ಟ ಸ್ಥಿರ ಪರಿಹಾರವೇ. ಅದನ್ನು ಜೋಡಿಸದಿದ್ದರೆ ತೊಟ್ಟಿಯ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಸಮಯದಲ್ಲಿ ಹಿಂದಕ್ಕೆ ಹೋದರೆ ಪರಿಹಾರ ಒಂದೇ ಆಗಿಯೂ ಉಳಿಯದು: ಬರಿದಾದ ತೊಟ್ಟಿಯನ್ನು ನೋಡಿ ಅದು ಯಾವಾಗ ಬರಿದಾಯಿತೆಂದು ಸಮೀಕರಣ ಹೇಳಲಾರದು.

ಈ ಎರಡು ಪ್ರಕರಣಗಳ ವ್ಯತ್ಯಾಸವನ್ನು 18ನೇ ಶತಮಾನದವರೇ ಗುರುತಿಸಿದ್ದರು. ಸಾಮಾನ್ಯ ಪರಿಹಾರದ ಸ್ಥಿರಾಂಕಕ್ಕೆ ಯಾವ ಬೆಲೆ ಕೊಟ್ಟರೂ ಸಿಗದ ಪರಿಹಾರಗಳು ಆಯ್ಲರ್‌ನನ್ನು ಬಹಳ ಕಾಡಿದವು. 1768ರಲ್ಲಿ ಅವನು, ಸಾಮಾನ್ಯ ಪರಿಹಾರ ಗೊತ್ತಿಲ್ಲದಿದ್ದರೂ ಅಂಥವನ್ನು ಗುರುತಿಸಬಲ್ಲ ಒಂದು ಪರೀಕ್ಷೆಯನ್ನು ಕೊಟ್ಟ. ಅವುಗಳ ವ್ಯವಸ್ಥಿತ ಅಧ್ಯಯನವನ್ನು 1774ರಲ್ಲಿ ಲಗ್ರಾಂಜ್ ಮಾಡಿದ. ಪರಿಹಾರ ಒಂದೇ ಇರಲು ಸಾಕಾಗುವ ಷರತ್ತನ್ನು 1876ರಲ್ಲಿ ಲಿಪ್‌ಶಿಟ್ಜ್ ಹೇಳಿದ. √y ಸೊನ್ನೆಯ ಬಳಿ ಅದನ್ನು ಪಾಲಿಸುವುದಿಲ್ಲ.

ಬೇರ್ಪಡಿಸಬಹುದಾದ ಸಮೀಕರಣಗಳ ಮಟ್ಟಿಗೆ ಅತ್ಯಂತ ನೇರವಾದ ಪರೀಕ್ಷೆ 1898ರಲ್ಲಿ ಆಸ್ಗುಡ್ ಕೊಟ್ಟ ಷರತ್ತಿನಲ್ಲಿದೆ, ಮತ್ತು ಅದು ನಾವು ಹೇಗೂ ಮಾಡುವ ಅನುಕಲದಲ್ಲೇ ಅಡಗಿದೆ. 1/h ಅನ್ನು y₀ ವರೆಗೆ ಅನುಕಲಿಸಿ ನೋಡಬೇಕು. 1/P ಯ ಅನುಕಲ ಸೊನ್ನೆಯ ಬಳಿ ಅನಂತಕ್ಕೆ ಹೋಗುತ್ತದೆ. ಆದ್ದರಿಂದ ವರ್ಹುಲ್ಸ್ಟ್‌ನ ಯಾವ ಪರಿಹಾರವೂ ಸೊನ್ನೆಯನ್ನು ಮುಟ್ಟುವುದಿಲ್ಲ. 1/√y ಯ ಅನುಕಲ ಪರಿಮಿತ. ಆದ್ದರಿಂದ ತೊಟ್ಟಿ ಪರಿಮಿತ ಸಮಯದಲ್ಲಿ ಬರಿದಾಗುತ್ತದೆ, ಅಲ್ಲಿ ಬೇರೆ ಬೇರೆ ಪರಿಹಾರಗಳು ಕೂಡಿಕೊಳ್ಳುತ್ತವೆ.

ಪುಸ್ತಕ ಬರೆಯುವವರಲ್ಲಿ ಮತ್ತು ಪಾಠ ಹೇಳುವವರಲ್ಲಿ ನನ್ನ ವಿನಂತಿ ಇಷ್ಟು: h(y) = 0 ಆಗುವ ಬೆಲೆಗಳನ್ನು ಭಾಗಿಸುವ ಮೊದಲೇ ಬರೆಸಿ, ಉತ್ತರ ಬಂದ ಮೇಲಲ್ಲ. ಉತ್ತರ ಬಂದ ಮೇಲೆ ಸ್ಥಿರಾಂಕದ ರೂಪವೇ ಅವುಗಳಲ್ಲಿ ಕೆಲವನ್ನು ಮರೆಮಾಡಿರುತ್ತದೆ.