ಹೆಚ್ಚಾಗಿ ಬಂದ ಚೆಕ್ಕು, ಅವರೇ ತೋರಿಸಿದ ಅಂಗಡಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಬಾಡಿಗೆ ಕೋಣೆಯಲ್ಲೋ ಪಿಜಿಯಲ್ಲೋ ಇದ್ದುಕೊಂಡು, ಯಾವ ಕಂಪನಿಗೂ ಸೇರದೆ ಬಿಡಿ ಕೆಲಸ ಮಾಡಿ ಬದುಕುವವರಲ್ಲಿ ನಮ್ಮ ಹಳ್ಳಿಗಳಿಂದ ಹೋದ ಹುಡುಗ ಹುಡುಗಿಯರು ಬೇಕಾದಷ್ಟು ಮಂದಿ ಇದ್ದಾರೆ. ಒಬ್ಬರು ವೆಬ್‌ಸೈಟ್ ಮಾಡಿಕೊಡುತ್ತಾರೆ, ಇನ್ನೊಬ್ಬರು ಪುಸ್ತಕದ ಪುಟ ಕಟ್ಟುತ್ತಾರೆ, ಮತ್ತೊಬ್ಬರು ಅನುವಾದ ಮಾಡುತ್ತಾರೆ. ಇವರಿಗೆ ತಿಂಗಳ ಸಂಬಳ ಇಲ್ಲ. ಕೆಲಸ ಕೊಟ್ಟವರು ದುಡ್ಡು ಕೊಟ್ಟ ದಿನವೇ ಸಂಬಳದ ದಿನ. ಹಾಗಾಗಿ ಕೇಳಿದ್ದಕ್ಕಿಂತ ಹೆಚ್ಚು ದುಡ್ಡು ಬಂತು ಅಂದರೆ ಮೊದಲು ಆಗುವುದು ಖುಷಿ. ಆ ಖುಷಿಯ ಮೇಲೇ ನಿಂತ ಒಂದು ಹಳೆಯ ಮೋಸದ ಕಥೆಯನ್ನು ನಾವು ಈ ಸಲ ಬುಡದಿಂದ ಹೇಳುತ್ತಿದ್ದೇವೆ.

ಮೋಸ ಹೀಗೆ. ಕೆಲಸ ಕೊಟ್ಟವನು ಒಪ್ಪಿದ ಮೊತ್ತಕ್ಕಿಂತ ದೊಡ್ಡ ಚೆಕ್ ಕಳಿಸುತ್ತಾನೆ. 'ಲೆಕ್ಕದವರು ತಪ್ಪು ಮಾಡಿದ್ದಾರೆ, ಹೆಚ್ಚಿಗೆ ಬಂದದ್ದನ್ನು ವಾಪಸ್ ಹಾಕಿ' ಅನ್ನುತ್ತಾನೆ. ಇಲ್ಲವೇ, 'ಈ ಕೆಲಸಕ್ಕೆ ಒಂದು ಸಾಫ್ಟ್‌ವೇರ್ ಬೇಕು. ನಾವು ಹೇಳುವ ಮಾರಾಟಗಾರರ ಹತ್ತಿರವೇ ತಗೊಳ್ಳಿ, ಅದರ ದುಡ್ಡನ್ನೂ ಚೆಕ್ಕಿನಲ್ಲೇ ಸೇರಿಸಿದ್ದೇವೆ' ಅನ್ನುತ್ತಾನೆ. ಮಾತು ಎರಡು, ಕೈಚಳಕ ಒಂದೇ. ಬಂದ ದುಡ್ಡು ಸುಳ್ಳು, ನಮ್ಮ ಹುಡುಗ ಕಳಿಸುವ ದುಡ್ಡು ನಿಜ. ಆ ಮಾರಾಟಗಾರ ಬೇರೆ ಯಾರೂ ಅಲ್ಲ, ಚೆಕ್ ಕಳಿಸಿದವನೇ, ಅಥವಾ ಅವನ ಪಾಲುದಾರ.

ಚೆಕ್ ಸುಳ್ಳಾದರೆ ಬ್ಯಾಂಕಿಗೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುತ್ತದೆ, ಆದರೆ ತಡವಾಗಿ. ಚೆಕ್ ಅಂದರೆ ದುಡ್ಡಲ್ಲ, ದುಡ್ಡು ಕೊಡಿ ಎಂದು ಇನ್ನೊಂದು ಬ್ಯಾಂಕಿಗೆ ಬರೆದ ಚೀಟಿ. ಆ ಚೀಟಿ ಬರೆದವರ ಬ್ಯಾಂಕಿಗೆ ಹೋಗಿ, ಅಲ್ಲಿ ಸಹಿ, ಖಾತೆ, ಹಣ ಎಲ್ಲ ನೋಡಿ, ಸರಿ ಅಂದ ಮೇಲೆ ಮಾತ್ರ ಅದು ದುಡ್ಡಾಗುತ್ತದೆ. ಅಲ್ಲಿಯವರೆಗೆ ಪಾಸ್‌ಬುಕ್ಕಿನಲ್ಲಿ ಅಂಕಿ ಕಂಡರೂ ಅದು ಕಾಣುವ ದುಡ್ಡೇ ಹೊರತು ಬಂದ ದುಡ್ಡಲ್ಲ. ಈ ಎರಡರ ನಡುವಿನ ದಿನಗಳಲ್ಲೇ ಮೋಸಗಾರನ ವ್ಯಾಪಾರ ನಡೆಯುವುದು.

ಈ ದಿನಗಳ ವಿಚಾರದಲ್ಲಿ ಅಮೆರಿಕದ ಹಾದಿ ಬೇರೆ, ನಮ್ಮದು ಬೇರೆ. ಅಲ್ಲಿ ಬ್ಯಾಂಕುಗಳು ಗ್ರಾಹಕರ ಚೆಕ್ಕನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತವೆ ಎಂಬ ದೂರು ಜಾಸ್ತಿಯಾಗಿ, 1987ರಲ್ಲಿ ಒಂದು ಕಾನೂನು ಬಂತು. ಚೆಕ್ ಹಾಕಿದ ಇಷ್ಟು ದಿನದೊಳಗೆ ಗ್ರಾಹಕರಿಗೆ ದುಡ್ಡು ಬಳಸಲು ಬಿಡಬೇಕು ಎಂದು ಅದು ಗಡುವು ಹಾಕಿತು. ಜನರಿಗೆ ಒಳ್ಳೆಯದೇ ಆಯಿತು. ಆದರೆ ಗಡುವು ಮುಗಿದು ದುಡ್ಡು ಕೈಗೆ ಸಿಕ್ಕ ಮೇಲೂ ಖೊಟ್ಟಿ ಚೆಕ್ ವಾಪಸ್ ಬರಬಹುದಿತ್ತು, ಬಂದಾಗ ಬ್ಯಾಂಕ್ ಗ್ರಾಹಕನಿಂದಲೇ ವಸೂಲಿ ಮಾಡಬಹುದಿತ್ತು. ಒಳ್ಳೆಯ ಕಾನೂನಿನ ಈ ಸಂದಿಯಲ್ಲಿ ಮೋಸ ಬೇರೂರಿತು. ಇಂಟರ್ನೆಟ್ ಬಂದ ಮೇಲೆ ಅದು ಎಷ್ಟು ಬೆಳೆಯಿತೆಂದರೆ, 2007ರಲ್ಲಿ ಹಲವು ದೇಶಗಳ ಅಧಿಕಾರಿಗಳು ಜೊತೆಗೂಡಿ, ಅಂಚೆ ಮೂಲಕ ಅಮೆರಿಕಕ್ಕೆ ಹೊರಟಿದ್ದ 200 ಕೋಟಿ ಡಾಲರ್‌ಗೂ ಹೆಚ್ಚು ಮುಖಬೆಲೆಯ ಖೊಟ್ಟಿ ಚೆಕ್ಕುಗಳನ್ನು ಹಿಡಿದರು.

ನಮ್ಮಲ್ಲಿ ಚೆಕ್ ಹಾಕಿದರೆ ಸಾಮಾನ್ಯವಾಗಿ ಅದು ಪಾಸಾದ ಮೇಲೇ ದುಡ್ಡು ತೆಗೆಯಲು ಬಿಡುತ್ತಿದ್ದರು. ಹೊರ ಊರಿನ ಚೆಕ್ ಹಾಕಿ ವಾರಗಟ್ಟಲೆ ಬ್ಯಾಂಕಿಗೆ ಅಲೆದ ನೆನಪು ನಮ್ಮ ಹಿರಿಯರಿಗೆಲ್ಲ ಇದೆ. ಆ ನಿಧಾನವನ್ನು ಬೈದುಕೊಂಡವರೇ ಎಲ್ಲರೂ. ಆದರೆ ಆ ನಿಧಾನವೇ ಈ ಮೋಸಕ್ಕೆ ಅಡ್ಡಗಟ್ಟೆಯೂ ಆಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಗಟ್ಟೆ ಒಡೆದಿದ್ದು ವಿದೇಶಿ ಚೆಕ್ಕಿನ ಹತ್ತಿರ. 2000ದ ನಂತರ ಬೆಂಗಳೂರಿನಲ್ಲಿ ಕೂತು ಹೊರದೇಶದವರಿಗೆ ಬಿಡಿ ಕೆಲಸ ಮಾಡುವುದು ಶುರುವಾದಾಗ, ಎಷ್ಟೋ ಸಲ ಕೂಲಿ ಬರುತ್ತಿದ್ದದ್ದು ಕೊರಿಯರಿನಲ್ಲಿ ಡಾಲರ್ ಚೆಕ್ಕಾಗಿ. ಅದನ್ನು ಬ್ಯಾಂಕಿಗೆ ಹಾಕಿದರೆ ಮೂರು ದಾರಿ ಇತ್ತು. ಒಂದು, ಚೆಕ್ ಆ ದೇಶದ ಬ್ಯಾಂಕಿಗೆ ಹೋಗಿ ದುಡ್ಡು ಬರುವವರೆಗೆ ಕಾಯುವುದು. ಇನ್ನೊಂದನ್ನು ಕ್ಯಾಶ್ ಲೆಟರ್ ಅನ್ನುತ್ತಾರೆ. ಇದರಲ್ಲಿ ವಿದೇಶದ ಬ್ಯಾಂಕು ನಮ್ಮ ಬ್ಯಾಂಕಿಗೆ ತಾತ್ಕಾಲಿಕವಾಗಿ ದುಡ್ಡು ಜಮಾ ಮಾಡಿ, ಕೆಲವು ದಿನ ಬಿಟ್ಟು ಖಾಯಂ ಮಾಡುತ್ತದೆ. ಮೂರನೆಯದು, ಖಾತೆದಾರ ಪರಿಚಯದವನಾದರೆ ಬ್ಯಾಂಕೇ ಚೆಕ್ಕನ್ನು 'ಕೊಂಡು' ಮುಂಚಿತವಾಗಿ ರೂಪಾಯಿ ಕೊಡುವುದು. ಈ ಕೊನೆಯದರಲ್ಲಿ ಒಂದು ಷರತ್ತು ಇರುತ್ತದೆ. ಚೆಕ್ ವಾಪಸಾದರೆ ಕೊಟ್ಟ ದುಡ್ಡನ್ನು ಬ್ಯಾಂಕ್ ನಿಮ್ಮಿಂದಲೇ ತೆಗೆದುಕೊಳ್ಳುತ್ತದೆ. ಸಹಿ ಹಾಕುವಾಗ ಆ ಸಾಲನ್ನು ಓದುವವರು ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಅರ್ಥವಾಗಲಿ ಎಂದು ನಾವು ಮಾಡಿಕೊಂಡ ಉದಾಹರಣೆ. ವಿಜಯನಗರದ ಒಬ್ಬ ಹುಡುಗ ವೆಬ್‌ಸೈಟಿಗೆ 1,000 ಡಾಲರ್ ಒಪ್ಪಿದ್ದಾನೆ. ಬಂದ ಚೆಕ್ 3,600 ಡಾಲರ್. ಜೊತೆಗೆ ಒಂದು ಪತ್ರ: 2,400 ಡಾಲರ್ ಸಾಫ್ಟ್‌ವೇರಿನವರಿಗೆ, 200 ನಿಮ್ಮ ತೊಂದರೆಗೆ, ಸಾಫ್ಟ್‌ವೇರಿನವರಿಗೆ ಈ ವಾರವೇ ಹೋಗಬೇಕು. ಡಾಲರಿಗೆ 45 ರೂಪಾಯಿಯಂತೆ ಬ್ಯಾಂಕು ಚೆಕ್ ಕೊಂಡು 1,62,000 ರೂಪಾಯಿ ಜಮಾ ಮಾಡಿತು ಅನ್ನಿ. ಅದರಲ್ಲಿ 1,08,000 ರೂಪಾಯಿಯನ್ನು ಅವನು ಹೇಳಿದ ಖಾತೆಗೆ ಹಾಕಿದ. ಉಳಿದ 54,000ದಲ್ಲಿ ಬಾಡಿಗೆ ಕಟ್ಟಿದ, ಊರಿಗೂ ಒಂದಿಷ್ಟು ಕಳಿಸಿದ. ಮೂರ್ನಾಲ್ಕು ವಾರದ ಮೇಲೆ ಚೆಕ್ ಖೊಟ್ಟಿ ಎಂದು ವಾಪಸ್ ಬಂತು. ಈಗ ಬ್ಯಾಂಕು ಪೂರ್ತಿ 1,62,000 ರೂಪಾಯಿಯನ್ನೂ ಅದರ ಮೇಲೆ ವಾಪಸಾತಿ ಖರ್ಚನ್ನೂ ಕೇಳುತ್ತದೆ. ಕಳೆದುಹೋದದ್ದು ಸಾಫ್ಟ್‌ವೇರಿನ 1,08,000. ಖರ್ಚಾಗಿಹೋದ 54,000ವನ್ನೂ ಈಗ ಹೊಂದಿಸಬೇಕು. ಜೊತೆಗೆ ಮಾಡಿಕೊಟ್ಟ ವೆಬ್‌ಸೈಟಿನ ಕೂಲಿಯೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ವೆಸ್ಟರ್ನ್ ಯೂನಿಯನ್‌ನಂಥ ಹಣ ವರ್ಗಾವಣೆ ನಮ್ಮಲ್ಲಿ ಒಳಗೆ ತರಲು ಮಾತ್ರ, ಅದರಲ್ಲಿ ಹೊರದೇಶಕ್ಕೆ ಕಳಿಸಲು ಅವಕಾಶವಿಲ್ಲ. ಅಮೆರಿಕದ ಹುಡುಗನಿಂದ ಮೋಸಗಾರ ಸೀದಾ ಆ ದಾರಿಯಲ್ಲಿ ತರಿಸಿಕೊಳ್ಳಬಹುದು, ನಮ್ಮ ಹುಡುಗನಿಂದ ಆಗದು. ಆದ್ದರಿಂದ ಇಲ್ಲಿ ಅವನಿಗೆ ಭಾರತದೊಳಗಿನ ಒಂದು ಖಾತೆ ಬೇಕಾಗುತ್ತದೆ. ಚೆಕ್ ಬರೆದ ಕಂಪನಿ ಹೊರದೇಶದ್ದು, ಸಾಫ್ಟ್‌ವೇರ್ ಕಂಪನಿಯೂ ಹೊರದೇಶದ್ದು, ಆದರೆ ದುಡ್ಡು ಹಾಕಬೇಕಾದ್ದು ನಮ್ಮ ದೇಶದ ಯಾವುದೋ ವ್ಯಕ್ತಿಯ ಉಳಿತಾಯ ಖಾತೆಗೆ. ಈ ಹೊಂದಾಣಿಕೆ ಇಲ್ಲದ ಹೆಸರೇ ಮೊದಲ ಸುಳಿವು.

ಎರಡನೆಯ ಸುಳಿವು ಇನ್ನೂ ಸರಳ. ಆ ಸಾಫ್ಟ್‌ವೇರಿನವರು ನಿಮಗೆ ಅಷ್ಟು ಗೊತ್ತಿದ್ದವರಾದರೆ ನೀವೇ ಯಾಕೆ ಅವರಿಗೆ ಕಟ್ಟಬಾರದು ಎಂದು ಕೇಳಿ ನೋಡಿ. ನಿಜವಾದ ಗ್ರಾಹಕ ಹೂಂ ಅನ್ನುತ್ತಾನೆ, ಅವನಿಗೆ ಅದರಿಂದ ನಷ್ಟವಿಲ್ಲ. ಮೋಸಗಾರನಿಗೆ ಮಾತ್ರ ನಡುವೆ ನೀವು ಬೇಕೇ ಬೇಕು, ಏಕೆಂದರೆ ಸುಳ್ಳು ದುಡ್ಡು ನಿಜವಾಗುವುದು ನಿಮ್ಮ ಖಾತೆಯಲ್ಲಿ. ಆಗ ಅವನು ಅವಸರ ಮಾಡುತ್ತಾನೆ, ಕೋಪಿಸಿಕೊಳ್ಳುತ್ತಾನೆ, ಕೆಲಸ ಬೇರೆಯವರಿಗೆ ಕೊಡುತ್ತೇನೆ ಅನ್ನುತ್ತಾನೆ.

ಚೆಕ್ ಬೌನ್ಸ್ ಕೇಸ್ ಹಾಕಬಹುದಲ್ಲ ಎಂದು ಹಳ್ಳಿ ಕಡೆ ಕೇಳುತ್ತಾರೆ. 1881ರ ಕಾಯ್ದೆಗೆ 138ನೇ ಕಲಂ ಸೇರಿ ಜಾರಿಗೆ ಬಂದದ್ದು 1989ರಲ್ಲಿ. ಅದು ತನ್ನ ಖಾತೆಯ ಚೆಕ್ಕನ್ನು ತಾನೇ ಬರೆದು ದುಡ್ಡಿಲ್ಲದೆ ವಾಪಸಾದವನ ಮೇಲೆ. ಯಾವುದೋ ಕಂಪನಿಯ ಚೆಕ್ಕನ್ನು ನಕಲು ಹೊಡೆದವನು ಆ ಖಾತೆಯವನೇ ಅಲ್ಲ. ಅವನ ಮೇಲೆ ಹಾಕಬೇಕಾದ್ದು ವಂಚನೆ ಮತ್ತು ಖೊಟ್ಟಿ ದಾಖಲೆಯ ದೂರು. ಅದಕ್ಕೆ ಆಗ ಹೋಗಬೇಕಿದ್ದ ಜಾಗವೂ ಬೆಂಗಳೂರೇ. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ 2001ರಲ್ಲಿ ಅಲ್ಲಿ ಶುರುವಾಯಿತು, ಇಡೀ ರಾಜ್ಯಕ್ಕೆ ಅದೊಂದೇ. ಈಗ ಜಿಲ್ಲೆಗಳಲ್ಲೇ ಸೆನ್ ಠಾಣೆಗಳಿವೆ.

ಈ ನಡುವೆ ಚೆಕ್ಕಿನ ಓಟ ಬದಲಾಯಿತು. ಕಾಗದವನ್ನು ಊರೂರಿಗೆ ಹೊತ್ತೊಯ್ಯುವ ಬದಲು ಅದರ ಚಿತ್ರ ಕಳಿಸುವ ವ್ಯವಸ್ಥೆ 2008ರಲ್ಲಿ ದೆಹಲಿಯಲ್ಲಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಬಂತು. 2025ರ ಅಕ್ಟೋಬರ್ 4ರಿಂದ ಹಗಲಿನ ನಿಗದಿತ ಅವಧಿಯಲ್ಲಿ ಕಳಿಸಿದ ಚೆಕ್ಕಿಗೆ ಬರೆದವರ ಬ್ಯಾಂಕು ಅದೇ ಸಂಜೆ 7ರೊಳಗೆ ಹೌದು, ಅಲ್ಲ ಹೇಳಬೇಕು. ವಾರಗಟ್ಟಲೆ ಇದ್ದ ಸಂದಿ ಗಂಟೆಗಳಿಗೆ ಇಳಿಯಿತು. 2016ರಲ್ಲಿ ಬಂದ ಯುಪಿಐನಲ್ಲಿ ಆ ಸಂದಿಯೇ ಇಲ್ಲ.

ಹಾಗಾದರೆ ಮೋಸ ಸತ್ತಿತೇ? ಇಲ್ಲ, ಬೇರೆ ಬಾಗಿಲು ಹುಡುಕಿತು. ಒಂದು ಬಾಗಿಲು ಸುಳ್ಳು ಎಸ್ಸೆಮ್ಮೆಸ್. 5,000ದ ಬದಲು 50,000 ಹಾಕಿಬಿಟ್ಟೆ ಎಂದು ಗೋಳಾಡುತ್ತಾನೆ, ಮೊಬೈಲಿಗೆ ಬ್ಯಾಂಕಿನದೇ ಎನ್ನುವಂಥ ಸಂದೇಶ ಬರುತ್ತದೆ, ಖಾತೆಯಲ್ಲಿ ಏನೂ ಇರುವುದಿಲ್ಲ. ಇದನ್ನು ಬ್ಯಾಲೆನ್ಸ್ ನೋಡಿದರೆ ಹಿಡಿಯಬಹುದು.

ಇನ್ನೊಂದು ಬಾಗಿಲು ಹೆಚ್ಚು ಕೆಟ್ಟದ್ದು. ಅಲ್ಲಿ ದುಡ್ಡು ನಿಜವಾಗಿಯೂ ಬರುತ್ತದೆ. ಕೆಂಗೇರಿಯ ಒಬ್ಬ ಹುಡುಗಿ 18,000ಕ್ಕೆ ಕೆಲಸ ಒಪ್ಪಿದ್ದಾಳೆ, ಖಾತೆಗೆ 48,000 ಬಂತು, 30,000ವನ್ನು ಸಾಫ್ಟ್‌ವೇರಿನವರಿಗೆ ಕಳಿಸು ಅಂದರು ಅನ್ನಿ. ಬ್ಯಾಲೆನ್ಸ್ ನೋಡಿದರೆ ಸರಿಯಾಗೇ ಇದೆ. ಆದರೆ ಆ 48,000 ಕಳಿಸಿದವರು ಗ್ರಾಹಕನಲ್ಲ, ಬೇರೆ ರಾಜ್ಯದಲ್ಲಿ ಅವನಿಂದಲೇ ಮೋಸಹೋದ ಇನ್ಯಾರೋ. ಅವರು ದೂರು ಕೊಟ್ಟಾಗ ದುಡ್ಡಿನ ಹೆಜ್ಜೆ ಹಿಡಿದು ಬರುವ ಪೊಲೀಸರಿಗೆ ಮೊದಲು ಸಿಗುವುದು ಈ ಹುಡುಗಿಯ ಖಾತೆ. ಖಾತೆ ತಡೆಹಿಡಿಯುತ್ತಾರೆ. ಚೆಕ್ಕಿನ ಕಾಲದಲ್ಲಿ ದುಡ್ಡು ಕಳೆದುಕೊಂಡವನು ಬ್ಯಾಂಕಿಗೆ ಸಾಲಗಾರನಾಗುತ್ತಿದ್ದ. ಈಗ ಅವಳು ಅನುಮಾನಿತಳೂ ಆಗುತ್ತಾಳೆ.

ಇಂಥ ಹೆಚ್ಚುವರಿ ಬಂದಾಗ ಅದನ್ನು ಖರ್ಚು ಮಾಡಬೇಡಿ, ಅವರು ಹೇಳಿದ ಇನ್ನೊಂದು ಖಾತೆಗೂ ಹಾಕಬೇಡಿ. ಮೊದಲು ಸ್ಟೇಟ್‌ಮೆಂಟಿನಲ್ಲಿ ಕಳಿಸಿದವರ ಹೆಸರು ಗ್ರಾಹಕನ ಹೆಸರಿಗೆ ಹೊಂದುತ್ತದೆಯೇ ನೋಡಿ. ನಿಮ್ಮ ಬ್ರಾಂಚಿಗೆ ಬರಹದಲ್ಲಿ ಅರ್ಜಿ ಕೊಟ್ಟು, ಈ ಮೊತ್ತ ನನ್ನದಲ್ಲ, ಬಂದ ಖಾತೆಗೇ ವಾಪಸ್ ಕಳಿಸಿ ಎಂದು ಕೇಳಿ, ನಕಲಿನ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ. ಕೆಲಸ ಒಪ್ಪಿದ ಇಮೇಲ್, ವಾಟ್ಸಾಪ್ ಮಾತು, ಬಿಲ್ಲು ಅಳಿಸಬೇಡಿ. ಖಾತೆ ತಡೆಹಿಡಿದರೆ, 18,000 ನಿಮ್ಮ ಕೂಲಿಯಾಗಿತ್ತು ಎಂದು ತೋರಿಸಲು ಇರುವ ಪುರಾವೆ ಅದೇ. ದುಡ್ಡು ಆಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಹಾಕಿ. ಮುಂದಿನ ಖಾತೆಯಿಂದ ಯಾರೂ ಅದನ್ನು ತೆಗೆದಿರದಿದ್ದರೆ ಅಲ್ಲೇ ತಡೆಯಲು ಆಗುತ್ತದೆ. ಎಟಿಎಂನಿಂದ ನೋಟಾಗಿ ಹೊರಬಿದ್ದ ಮೇಲೆ ಹಿಡಿಯುವುದು ಬಹಳ ಕಷ್ಟ.