ಅಕ್ಕನ ಫೋಟೋಗೆ ಬಳಿದ ಬಿಳುಪು

ನಮ್ಮ ಅಕ್ಕನ ಒಂದು ಫೋಟೋ ಊರಿನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಇವತ್ತಿಗೂ ಇದೆ. 2006ರದ್ದು. ಗಂಡಿನ ಕಡೆಯವರಿಗೆ ಕೊಡೋಕೆ ಅಂತ ಚನ್ನಪಟ್ಟಣದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಕ್ಕನದು ನಮ್ಮ ಕಡೆ ಹೇಳೋ ಹಾಗೆ ಎಣ್ಣೆಗಪ್ಪು. ಫೋಟೋದಲ್ಲಿ ಮಾತ್ರ ಅವಳ ಮುಖ ಹಾಲಿಗೆ ಒಂದು ಚಿಟಿಕೆ ಅರಿಶಿನ ಹಾಕಿದ ಹಾಗಿದೆ. ನಾವ್ಯಾರೂ ಹಾಗೆ ಮಾಡಿ ಅಂತ ಕೇಳಿರಲಿಲ್ಲ. ಸ್ಟುಡಿಯೋದವರು ಅವರಾಗೇ ಮಾಡಿ ಕೊಟ್ಟಿದ್ರು, ಅಮ್ಮ ಖುಷಿಯಿಂದಲೇ ತಗೊಂಡು ಬಂದಿದ್ರು.

ಆಮೇಲಿನ ಭಾನುವಾರ ಗಂಡಿನ ಕಡೆಯವರು ಬಂದ್ರು. ಉಪ್ಪಿಟ್ಟು, ಕಾಫಿ ಎಲ್ಲ ಆಯ್ತು. ಹೊರಡುವಾಗ ಅವರ ಕಡೆಯ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, 'ಫೋಟೋದಲ್ಲಿ ಬೇರೆ ಥರ ಇದ್ಲು ಕಣವ್ವ ಹುಡುಗಿ' ಅಂದ್ರು. ದನಿ ತಗ್ಗಿಸುವ ತೊಂದರೆಯನ್ನೂ ತಗೊಳ್ಳಲಿಲ್ಲ. ಅಕ್ಕ ಒಳಗೆ ಲೋಟ ತೊಳೀತಾ ಇದ್ಲು. ನನಗೆ ಆಗ ಹದಿನಾರು. ಆ ಮಾತು ಅಕ್ಕನಿಗೆ ಕೇಳಿಸಿತು ಅಂತ ನನಗೆ ಗೊತ್ತಾಗಿದ್ದು ನಲ್ಲಿ ನಿಂತ ಸದ್ದಿನಿಂದ.

ಬಹಳ ವರ್ಷ ನಾನು ಇದನ್ನ ಆ ಸ್ಟುಡಿಯೋದ ತಪ್ಪು ಅಂತಲೇ ಅಂದ್ಕೊಂಡಿದ್ದೆ. ಈಗ ನನ್ನ ಚಿಕ್ಕಪ್ಪನ ಮಗ ಮದುವೆ ಫೋಟೋಗ್ರಫಿ ಮಾಡ್ತಾನೆ. ರಾಮನಗರ, ಕನಕಪುರ, ಮಾಗಡಿ ಎಲ್ಲ ಕಡೆ ಅವನ ಓಡಾಟ. ಕೆಲಸ ಜಾಸ್ತಿ ಇದ್ದಾಗ ಶನಿವಾರ ಭಾನುವಾರ ನಾನೂ ಕೂತು ಎಡಿಟ್ ಮಾಡಿ ಕೊಡ್ತೀನಿ. ಆ ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯ್ತು, ಅಕ್ಕನ ಮುಖಕ್ಕೆ ಬಳಿದ ಬಿಳುಪು ಒಬ್ಬರ ಕೈಯಿಂದ ಬಂದದ್ದಲ್ಲ, ಅದಕ್ಕೆ ನೂರು ವರ್ಷ ಮೀರಿದ ವಂಶಾವಳಿ ಇದೆ ಅಂತ.

ಶುರು ಮಾಡೋದಾದರೆ ಗಾಜಿನ ಪ್ಲೇಟಿನ ಕಾಲದಿಂದ ಮಾಡಬೇಕು. ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣ್ತಿತ್ತು, ಆಮೇಲೆ ಬಂದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಹಸಿರೂ ಕಾಣ್ತಿತ್ತು, ಆದರೆ ಕೆಂಪು ಕಾಣ್ತಿರಲಿಲ್ಲ. ಮನುಷ್ಯರ ಚರ್ಮ, ಅದರಲ್ಲೂ ಕಂದು ಚರ್ಮ, ವಾಪಸ್ ಕಳಿಸೋ ಬೆಳಕಿನಲ್ಲಿ ಹೆಚ್ಚಿನ ಪಾಲು ಕೆಂಪೇ. ಅಂದ್ರೆ ನಮ್ಮಂಥವರ ಮುಖದಿಂದ ಬಂದ ಬೆಳಕಿನ ದೊಡ್ಡ ಭಾಗವನ್ನ ಪ್ಲೇಟು ಲೆಕ್ಕಕ್ಕೇ ತಗೊಳ್ತಿರಲಿಲ್ಲ. ಹಾಗಾಗಿ ಫೋಟೋದಲ್ಲಿ ಜನ ತಾವಿದ್ದದ್ದಕ್ಕಿಂತ ಕಪ್ಪಾಗಿ ಬರ್ತಿದ್ರು. ಅದನ್ನ ಸರಿಪಡಿಸೋದು ಅವತ್ತು ನ್ಯಾಯವಾದ ಕೆಲಸವೇ ಆಗಿತ್ತು.

ಸರಿಪಡಿಸೋ ದಾರಿ ಪೆನ್ಸಿಲ್ಲು. ಮಾಗಡಿ ಪೇಟೆಯ ಒಬ್ಬ ಹಿರಿಯ ಫೋಟೋಗ್ರಾಫರ್ ನನಗೆ ಕೈಸನ್ನೆಯಲ್ಲೇ ತೋರಿಸಿದ್ರು. ಇಳಿಜಾರಾದ ಮೇಜು, ಅದರ ನಡುವೆ ಹಾಲುಬಣ್ಣದ ಗಾಜು, ಕೆಳಗೆ ಕಿಟಕಿಯ ಬೆಳಕು ಹಿಡಿಯೋ ಕನ್ನಡಿ. ನೆಗೆಟಿವ್‌ನ ಅದರ ಮೇಲಿಟ್ಟು, ಸೂಜಿಯಷ್ಟು ಚೂಪಾದ ಪೆನ್ಸಿಲ್‌ನಲ್ಲಿ ಸಣ್ಣ ಸಣ್ಣ ಗೀರು ಎಳೀಬೇಕು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ವಾ, ಅಲ್ಲಿ ಕಪ್ಪು ಸೇರಿಸಿದಷ್ಟೂ ಪ್ರಿಂಟಿನಲ್ಲಿ ಬಿಳಿ. ಮೊಡವೆ ಕಲೆ, ಕಣ್ಣಿನ ಕೆಳಗಿನ ನೆರಳು ತೆಗೆಯೋಕೆ ಇದ್ದ ವಿದ್ಯೆ ಇದು. ಪೂರ್ತಿ ಮುಖ ಬೆಳ್ಳಗೆ ಬೇಕಂದ್ರೆ ನೆಗೆಟಿವ್‌ಗೆ ಕೆಂಪು ಬಣ್ಣದ ನೀರು ಸವರ್ತಿದ್ರಂತೆ. ಪ್ರಿಂಟ್ ಮಾಡೋ ಕಾಗದಕ್ಕೆ ಕೆಂಪು ಕಾಣಲ್ಲವಾದ್ದರಿಂದ ಆ ಕೆಂಪು ಅಲ್ಲಿ ಬೆಳಕನ್ನ ತಡೆದು ಮುಖವನ್ನ ಬಿಳಿ ಮಾಡ್ತಿತ್ತು. 'ಒಂದು ಮುಖಕ್ಕೆ ಒಂದು ಗಂಟೆ ಕಣಪ್ಪ. ಅದಕ್ಕೇ ಎಲ್ರಿಗೂ ಮಾಡ್ತಿರ್ಲಿಲ್ಲ' ಅಂದ್ರು ಅವರು. ಈ ಮಾತನ್ನ ನೆನಪಿಟ್ಟುಕೊಳ್ಳಿ.

ಕಲರ್ ಬಂದ ಮೇಲೆ ಕೆಂಪಿನ ಸಮಸ್ಯೆ ಹೋಯ್ತು, ಇನ್ನೊಂದು ಬಂತು. ಕೊಡಾಕ್ ಕಂಪನಿ 1950ರ ದಶಕದಿಂದ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಬಿಳಿ ಹೆಂಗಸಿನ ಫೋಟೋ, ಹೆಸರು ಶರ್ಲಿ ಕಾರ್ಡ್. ಪ್ರಿಂಟರ್‌ನಲ್ಲಿ ಶರ್ಲಿಯ ಚರ್ಮ ಸರಿ ಬಂದರೆ ಬಣ್ಣ ಸರಿ ಇದೆ ಅಂತ ಲೆಕ್ಕ. ಇದನ್ನ ಅಧ್ಯಯನ ಮಾಡಿ 2009ರಲ್ಲಿ ಬರೆದ ಕೆನಡಾದ ಲೋರ್ನಾ ರಾತ್ ಹೇಳೋ ಒಂದು ಸಂಗತಿ ನನ್ನ ತಲೆಯಿಂದ ಹೋಗೋದೇ ಇಲ್ಲ. ಫಿಲ್ಮಿನಲ್ಲಿ ಕಂದು ಬಣ್ಣ ಸರಿಯಾಗಿ ಬರಲ್ಲ ಅಂತ ಕೊಡಾಕ್‌ಗೆ ಜೋರಾಗಿ ದೂರು ಕೊಟ್ಟು ಅದನ್ನ ಸುಧಾರಿಸೋ ಹಾಗೆ ಮಾಡಿದ್ದು ಚಾಕೊಲೇಟ್ ಮಾಡೋರು ಮತ್ತು ಮರದ ಪೀಠೋಪಕರಣ ಮಾರೋರು. ಚನ್ನಪಟ್ಟಣದವನಾದ ನನಗೆ ಇದು ನಗು ತರಿಸುತ್ತೆ. ಬೊಂಬೆಯ ಮರದ ಬಣ್ಣಕ್ಕೆ ಸಿಕ್ಕ ಮರ್ಯಾದೆ ಬೊಂಬೆ ಮಾಡೋನ ಕೈಗೆ ಸಿಗಲಿಲ್ಲ.

ಅಂದಹಾಗೆ ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆ ತೆರೆಗೆ ಬಂದ 1975ರಲ್ಲೇ ಫೇರ್ ಅಂಡ್ ಲವ್ಲಿ ಕೂಡ ಮಾರುಕಟ್ಟೆಗೆ ಬಂತು. ಆ ಟ್ಯೂಬಿನ ಹೆಸರಿನಿಂದ 'ಫೇರ್' ಹೋಗೋಕೆ 2020 ಆಗಬೇಕಾಯ್ತು. ಅದೇ ವರ್ಷ ಶಾದಿ ಡಾಟ್ ಕಾಮ್‌ನವರೂ ಮೈಬಣ್ಣದ ಮೇಲೆ ಹುಡುಕೋ ಫಿಲ್ಟರ್ ತೆಗೆದ್ರು. ಮದುವೆ ಆಲ್ಬಮ್ಮಿನಲ್ಲಿ ಮಾತ್ರ ಏನೂ ಬದಲಾಗಲಿಲ್ಲ, ಇನ್ನೂ ಸುಲಭ ಆಯ್ತು.

ಹೇಗೆ ಅಂದ್ರೆ, ಲೈಟ್‌ರೂಮ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರ್ ಇದೆ. ಕಪ್ಪಾಗಲಿ ಬಿಳುಪಾಗಲಿ, ಮನುಷ್ಯರ ಚರ್ಮ ಹೆಚ್ಚುಕಡಿಮೆ ಕಿತ್ತಳೆಯ ಒಂದೇ ಓಣಿಯಲ್ಲಿ ಬರುತ್ತೆ, ವ್ಯತ್ಯಾಸ ಇರೋದು ಗಾಢತೆಯಲ್ಲಿ. ಹಾಗಾಗಿ ಆರೆಂಜ್ ಲ್ಯೂಮಿನೆನ್ಸ್ ಅನ್ನೋ ಒಂದೇ ಸ್ಲೈಡರ್ ಬಲಕ್ಕೆ ಎಳೆದರೆ ಛತ್ರದಲ್ಲಿದ್ದ ಅಷ್ಟೂ ಜನ ಬೆಳ್ಳಗಾಗ್ತಾರೆ. ದುಡ್ಡು ಕೊಟ್ಟು ತರೋ ಎಷ್ಟೋ ವೆಡ್ಡಿಂಗ್ ಪ್ರಿಸೆಟ್‌ಗಳಲ್ಲಿ ಇದು ಮೊದಲೇ ಎಳೆದಿರುತ್ತೆ. ಪೆನ್ಸಿಲ್ ಕಾಲದಲ್ಲಿ ಗಂಟೆ ಹಿಡೀತಿದ್ದದ್ದು ಈಗ ಎರಡು ಸಾವಿರ ಫೋಟೋಗೆ ಒಂದೇ ಕ್ಲಿಕ್. ಸಾಫ್ಟ್‌ವೇರ್‌ನವನಾಗಿ ಹೇಳ್ತೀನಿ, ಡೀಫಾಲ್ಟ್ ವ್ಯಾಲ್ಯೂ ಏನಿದೆಯೋ ಅದೇ ಕಾನೂನು. ಯಾರೂ ಹೋಗಿ ಬದಲಾಯಿಸಲ್ಲ.

ಆಮೇಲೆ ಆ ಆಲ್ಬಮ್ಮೇ ಅಂಗಡಿಯ ಟೇಬಲ್ ಮೇಲೆ ಸ್ಯಾಂಪಲ್ ಆಗಿ ಕೂರುತ್ತೆ. ಮುಂದಿನ ಗಿರಾಕಿ ತಿರುವಿ ಹಾಕಿದರೆ ಹತ್ತು ಮದುಮಗಳಿಗೂ ಒಂದೇ ಬಣ್ಣ. 'ನಮ್ಮ ಹುಡುಗಿಗೂ ಹೀಗೇ ಬರಲಿ' ಅಂತಾರೆ. ಎಡಿಟರ್ 'ಜನ ಕೇಳ್ತಾರೆ, ಅದಕ್ಕೆ ಮಾಡ್ತೀನಿ' ಅಂತಾನೆ, ಜನ 'ಎಲ್ರೂ ಹೀಗೇ ಮಾಡಿಸ್ತಾರೆ' ಅಂತಾರೆ. ನಡುವೆ ಅಕ್ಕನಂಥವಳು ತನ್ನದೇ ಫೋಟೋ ಜೊತೆ ಹೋಲಿಕೆಗೆ ನಿಂತು ಸೋಲ್ತಾಳೆ.

ಹೋದ ವರ್ಷ ಕನಕಪುರದ ಒಂದು ಮದುವೆಯ ಕೆಲಸ ಬಂತು. ಮದುಮಗ ಗೋಧಿ ಬಣ್ಣ, ಬಿಳಿ ಪಂಚೆ, ಬಿಳಿ ಶರ್ಟು. ಮದುಮಗಳು ನಮ್ಮ ಅಕ್ಕನ ಬಣ್ಣ. ಧಾರೆಯ ಫೋಟೋಗಳಲ್ಲಿ ಅವಳ ಮುಖ ಕಾಣ್ತಲೇ ಇರಲಿಲ್ಲ. ಅವರ ತಾಯಿ ಬಂದು ಕೂತು, 'ಮಗಳನ್ನ ಒಸಿ ಬೆಳ್ಳಗೆ ಮಾಡಪ್ಪ' ಅಂದ್ರು.

ಇಲ್ಲಿ ಎಡಿಟರ್ 'ಬಣ್ಣಭೇದ ತಪ್ಪು ಅಮ್ಮ' ಅಂತ ಭಾಷಣ ಶುರು ಮಾಡಿದರೆ ಕಥೆ ಮುಗೀತು. ನಾನು ಕೇಳಿದ್ದು ಒಂದೇ: 'ಅಮ್ಮ, ಮುಖ ಕಾಣ್ತಿಲ್ಲ ಅಂತಾನಾ, ಇಲ್ಲ ಬಣ್ಣ ಬೇರೆ ಬೇಕು ಅಂತಾನಾ?' ಅವರು ಸ್ವಲ್ಪ ಯೋಚನೆ ಮಾಡಿ, 'ಮೊಕವೇ ಕಾಣ್ತಿಲ್ವಲ್ಲಪ್ಪ' ಅಂದ್ರು. ಕನ್ನಡದಲ್ಲಿ ಬಿಳುಪು, ಬೆಳಕು ಎರಡೂ ಒಂದೇ ಬೇರಿನ ಮಾತುಗಳು. ಜನ ಬೆಳ್ಳಗೆ ಅಂದಾಗ ಎಷ್ಟೋ ಸಲ ಅವರಿಗೆ ಬೇಕಾಗಿರೋದು ಬೆಳಕು. ನಾವು ಅದನ್ನ ಕೇಳದೆ ಬಿಳುಪು ಕೊಟ್ಟು ಕಳಿಸ್ತೀವಿ.

ಮುಖ ಯಾಕೆ ಕಾಣ್ತಿರಲಿಲ್ಲ ಅನ್ನೋದಕ್ಕೆ ಕಾರಣ ಅವಳ ಬಣ್ಣ ಅಲ್ಲ, ಗಂಡಿನ ಪಂಚೆ. ಕ್ಯಾಮೆರಾದ ಮೀಟರ್ ಎದುರಿಗಿರೋದೆಲ್ಲ ಸರಾಸರಿಯಲ್ಲಿ ನಡುಬೂದು ಅಂತ ನಂಬುತ್ತೆ. ಚೌಕಟ್ಟಿನ ತುಂಬ ಬಿಳಿ ಬಟ್ಟೆ ಇದ್ದರೆ 'ಬೆಳಕು ಜಾಸ್ತಿ ಆಯ್ತು' ಅಂತ ಇಡೀ ಚಿತ್ರವನ್ನ ಕತ್ತಲೆ ಮಾಡುತ್ತೆ. ಪೆಟ್ಟು ಬೀಳೋದು ಕಪ್ಪು ಮುಖಕ್ಕೆ. ತೆಗೆಯುವಾಗಲೇ ಅವಳ ಮುಖಕ್ಕೆ ಮೀಟರ್ ಹಿಡಿದಿದ್ದರೆ, ಇಲ್ಲ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿದ್ದರೆ ಈ ರಗಳೆಯೇ ಇರ್ತಿರಲಿಲ್ಲ. ಪುಣ್ಯಕ್ಕೆ ಫೈಲುಗಳು ರಾ ಇದ್ವು. ಮೊದಲು ಪಂಚೆಯ ಬಿಳಿ ಹಿಡಿದು ವೈಟ್ ಬ್ಯಾಲೆನ್ಸ್ ಸರಿ ಮಾಡಿದೆ. ಛತ್ರದ ಲೈಟಿನ ಹಸಿರು ಹೋಗಿದ್ದೇ ತಡ, ಮುಖದ ಅರ್ಧ ಮಂಕು ಹೋಯ್ತು. ಆಮೇಲೆ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಮೇಲೆ, ಪಂಚೆ ಸುಟ್ಟುಹೋಗದ ಹಾಗೆ ಹೈಲೈಟ್ಸ್ ಕೆಳಗೆ, ಶ್ಯಾಡೋಸ್ ಒಂಚೂರು ಮೇಲೆ. ಕಿತ್ತಳೆ ಸ್ಲೈಡರ್ ಮುಟ್ಟಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ, ಒಂದು ಇದು, ಇನ್ನೊಂದು ಕಿತ್ತಳೆ ಎಳೆದದ್ದು. ಯಾವುದು ಯಾವುದು ಅಂತ ಹೇಳಲಿಲ್ಲ. ಎಳೆದದ್ದರಲ್ಲಿ ಮುಖದ ಅರಿಶಿನ ಮಾಯ, ಕತ್ತಿನ ಚಿನ್ನ ಸಪ್ಪೆ, ಚರ್ಮಕ್ಕೆ ಬೂದಿ ಬಳಿದ ಹಾಗೆ. ಇದು ಚರ್ಮಕ್ಕೆ ಮಾತ್ರ ಆಗೋ ಕೆಲಸ ಅಲ್ಲ, ಅದೇ ಓಣಿಯಲ್ಲಿರೋ ಚಿನ್ನ, ಅರಿಶಿನ, ಎಲ್ಲದಕ್ಕೂ ಬಣ್ಣ ಇಳಿಯುತ್ತೆ. ಮುಖಕ್ಕಷ್ಟೇ ಬ್ರಷ್ ಹಾಕಿದರೆ ಕಿವಿ, ಮುಂಗೈ ಹಳೇ ಬಣ್ಣದಲ್ಲೇ ಉಳಿದು ಸಿಕ್ಕಿಬೀಳುತ್ತೆ. ನನ್ನ ಪರೀಕ್ಷೆ ಇನ್ನೂ ಸುಲಭದ್ದು: ಗಂಡು ಹೆಣ್ಣಿನ ಬಣ್ಣದ ನಡುವೆ ಛತ್ರದಲ್ಲಿ ಎಷ್ಟು ಅಂತರ ಇತ್ತೋ ಫೋಟೋದಲ್ಲೂ ಅಷ್ಟೇ ಇರಬೇಕು. ಇಬ್ಬರೂ ಒಟ್ಟಿಗೆ ಬೆಳಗಿದರೆ ಅದು ಬೆಳಕು, ಒಬ್ಬಳು ಮಾತ್ರ ಇನ್ನೊಬ್ಬನ ಬಣ್ಣಕ್ಕೆ ಜರುಗಿದರೆ ಅದು ಬೇರೆ ಏನೋ.

ತಾಯಿ ಮೊದಲು ನೋಡಿದ್ದು ಸರವನ್ನ. 'ಇದ್ರಲ್ಲಿ ಚಿನ್ನ ಹಿತ್ತಾಳೆ ಥರ ಕಾಣ್ತದೆ' ಅಂತ ಎಳೆದದ್ದನ್ನ ಪಕ್ಕಕ್ಕೆ ತಳ್ಳಿದ್ರು. ಅಷ್ಟು ಹೊತ್ತು ಸುಮ್ಮನಿದ್ದ ಮಗಳನ್ನ ನಾನು ಕೇಳಿದೆ, 'ನಿಮಗೆ ಯಾವುದು ಸರಿ?' ಅವಳು ಬೆಳಕಿನದ್ದನ್ನ ತೋರಿಸಿ, 'ಇದು ನಾನು' ಅಂದ್ಲು. ಮುಂಚೆ ನಾನು ಯಾವತ್ತೂ ಮದುಮಗಳನ್ನ ಕೇಳಿರಲಿಲ್ಲ. ಬಿಲ್ ಕೊಡೋರನ್ನ ಮಾತ್ರ ಕೇಳೋದು ರೂಢಿ.

ಎಲ್ಲ ಸಲ ಹೀಗೆ ಮುಗಿಯಲ್ಲ. ಇದೇ ಮದುವೆಯಲ್ಲಿ ಗಂಡಿನ ಕಡೆಯವರು ಅದೇ ಫೋಟೋ ತಗೊಂಡು ಹೋಗಿ, ಬೀಗರೂಟದ ಫ್ಲೆಕ್ಸ್‌ಗೆ ಬೇರೆ ಕಡೆ ಬೆಳ್ಳಗೆ ಮಾಡಿಸಿಕೊಂಡ್ರು. ಕನಕಪುರ ರಸ್ತೆಯಲ್ಲಿ ಹತ್ತು ಅಡಿಯ ಆ ಮುಖ ನೋಡಿ ನನಗೇ ಗುರುತು ಸಿಗಲಿಲ್ಲ. ಅದರ ಮೇಲೆ ನಮ್ಮ ಕೈ ಇಲ್ಲ. ನಮ್ಮ ಕೈಯಲ್ಲಿ ಇದ್ದದ್ದನ್ನ ತಮ್ಮ ಮಾಡಿದ: ಪ್ರಿಸೆಟ್‌ನಲ್ಲಿ ಆರೆಂಜ್ ಸೊನ್ನೆಗೆ ತಂದ, ಟೇಬಲ್ ಮೇಲಿನ ಸ್ಯಾಂಪಲ್ ಆಲ್ಬಮ್ ಬದಲಾಯಿಸಿದ. ಬುಕಿಂಗ್ ದಿನವೇ 'ಮೈಬಣ್ಣ ಇದ್ದ ಹಾಗೆ ಇಡ್ತೀವಿ, ಬೆಳಕು ನಾವು ಚೆನ್ನಾಗಿ ಕೊಡ್ತೀವಿ' ಅಂತ ಹೇಳ್ತಾನೆ. ಮದುವೆ ಆದ ಮೇಲೆ ಹೇಳಿದರೆ ಅದು ಜಗಳ, ಮುಂಚೆ ಹೇಳಿದರೆ ಬರೀ ವಿಷಯ.

ಪೇಪರಿನಲ್ಲಿ ಕಾಣೆಯಾದವರ ಪ್ರಕಟಣೆ ಬರುತ್ತಲ್ಲ, ಎಣ್ಣೆಗೆಂಪು, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು ಅಂತ. ಹುಡುಕಲೇಬೇಕು ಅನ್ನೋ ಹೊತ್ತಿಗೆ ನಮ್ಮ ಭಾಷೆ ಎಷ್ಟು ನಿಖರ ಆಗುತ್ತೆ ನೋಡಿ. ಈ ಯುಗಾದಿಗೆ ಊರಿಗೆ ಹೋದಾಗ ಅಕ್ಕ ಬಂದಿದ್ಲು. ಅವಳ ಮಗಳು ಬೀರು ತಡಕಾಡಿ 2006ರ ಆ ಫೋಟೋ ಹಿಡಿದು ಬಂದು, 'ಇದ್ಯಾರಮ್ಮ?' ಅಂದ್ಲು. ಅಕ್ಕ ನನ್ನ ಮುಖ ನೋಡಿ, 'ಯಾರೋ ಗೊತ್ತಿಲ್ಲ ಕಣೇ, ಒಳಗಿಡು' ಅಂದ್ಲು.