ಕುಟುಂಬ ಯೋಜನೆ ಸಮಾಲೋಚನೆ (ಎರಡನೇ ಹೆರಿಗೆಯ ನಂತರ)

ಇಬ್ಬರು ಮಕ್ಕಳಾದ ದಂಪತಿಗೆ ಗರ್ಭನಿರೋಧಕ ವಿಧಾನಗಳನ್ನು ತಿಳಿಸುವ ಮಾತುಕತೆ. ಕಡೂರು ತಾಲ್ಲೂಕಿನ ಯಗಟಿಯಂಥ ಊರುಗಳಲ್ಲಿ ಇದು ಆಶಾ ಕಾರ್ಯಕರ್ತೆ, ನರ್ಸ್‌ಗಳ ಕೆಲಸ. ಮಕ್ಕಳು ಸದ್ಯಕ್ಕೆ ಬೇಡವೋ, ಇನ್ನು ಬೇಡವೇ ಬೇಡವೋ ಎಂಬುದೇ ಮೊದಲ ಪ್ರಶ್ನೆ. ತೀರ್ಮಾನವಾಗದಿದ್ದರೆ ಕಾಪರ್-ಟಿ ಒಳ್ಳೆಯದು: ಹೆರಿಗೆಯಾದ 48 ಗಂಟೆಯೊಳಗೆ, ತಪ್ಪಿದರೆ ಆರು ವಾರದ ನಂತರ ಹಾಕುತ್ತಾರೆ, ಎದೆಹಾಲು ಕಡಿಮೆಯಾಗದು, ಬೇಕೆಂದಾಗ ತೆಗೆಸಬಹುದು.

ಬೇಡವೇ ಬೇಡ ಎನ್ನುವವರಿಗೆ ಗಂಡಸಿನ ಆಪರೇಷನ್ನೇ ಸರಳ. ಇಲ್ಲಿ ಗಂಡ ತಡವರಿಸುತ್ತಾನೆ.

‘ಶಕ್ತಿ ಹೋಗುತ್ತಾ ಅಕ್ಕಾ?’

‘ಇಲ್ಲಪ್ಪ, ವೀರ್ಯಾಣು ಬರುವ ನಾಳ ಮಾತ್ರ ಕಟ್ಟುತ್ತಾರೆ. ಆದರೆ ಮೂರು ತಿಂಗಳು ನಿರೋಧ್ ಬಿಡಬೇಡ. ಆಮೇಲೆ ವೀರ್ಯ ಪರೀಕ್ಷೆ ಮಾಡಿಸು.’

ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳಿಂದ ಗರ್ಭ ನಿಲ್ಲಬಹುದು. ಈ ಮಾತನ್ನು ಹೇಳದೆ ಬಿಟ್ಟು ಗರ್ಭ ನಿಂತರೆ, ಅನುಮಾನ ಬೀಳುವುದು ಹೆಂಡತಿಯ ಮೇಲೆ.